ಓದುವ ಮಕ್ಕಳ ಬಡ್ಡಿಯನ್ನು ಅಸಲಿಗೆ ಸೇರಿಸಬೇಡಿ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಒಂದು ಬಹಿರಂಗ ಪತ್ರ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ ಮತ್ತು ಭಾರತೀಯ ಬ್ಯಾಂಕುಗಳ ಸಂಘದ ಅಧ್ಯಕ್ಷರಿಗೆ,

ನಮಸ್ಕಾರ.

ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ದಾವಣಗೆರೆಯಲ್ಲಿದ್ದೇನೆ. ಶಿಕ್ಷಣ ಸಾಲದ ಸ್ಟೇಟ್‌ಮೆಂಟ್ ಹಿಡಿದುಕೊಂಡು ಅಕ್ಕಪಕ್ಕದ ಮನೆಯವರು, ಪರಿಚಯದವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಎಲ್ಲರದ್ದೂ ಹೆಚ್ಚೂಕಮ್ಮಿ ಒಂದೇ ಪ್ರಶ್ನೆ. "ಸಾರ್, ನಾವು ತಗೊಂಡಿದ್ದು ಆರು ಲಕ್ಷ. ಬ್ಯಾಂಕಿನವರು ಎಂಟು ಲಕ್ಷದ ಮೇಲೆ ಕಂತು ಹಾಕಿದ್ದಾರೆ. ಒಂದು ಕಂತೂ ತಪ್ಪಿಸಿಲ್ಲವಲ್ಲ, ಇದು ಹೇಗೆ?"

ಬ್ಯಾಂಕು ಲೆಕ್ಕದಲ್ಲಿ ತಪ್ಪಿದೆ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಸಲ ಲೆಕ್ಕ ನಿಯಮದ ಪ್ರಕಾರವೇ ಇರುತ್ತದೆ. ಆ ನಿಯಮ ಬದಲಾಗಬೇಕು ಅನ್ನುವುದಕ್ಕೇ ಈ ಪತ್ರ. ಕಂತು ಕಟ್ಟಬೇಕಿಲ್ಲದ ಅವಧಿ, ಅಂದರೆ ಮೊರಟೋರಿಯಂ, ಮುಗಿದ ದಿನ ಅಲ್ಲಿಯವರೆಗಿನ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವ ಪದ್ಧತಿಯನ್ನು ಶಿಕ್ಷಣ ಸಾಲದ ಮಟ್ಟಿಗೆ ನಿಲ್ಲಿಸಿ. ನಿಲ್ಲಿಸುವವರೆಗೆ, ಆ ದಿನ ಬರುವ ಮೊದಲೇ ಮನೆಯವರಿಗೆ ಮೊತ್ತ ಎಷ್ಟು ಅಂತ ತಿಳಿಸುವುದನ್ನಾದರೂ ಕಡ್ಡಾಯ ಮಾಡಿ.

ನಿಮಗೆ ಇದೆಲ್ಲ ಗೊತ್ತಿರುವ ವಿಷಯವೇ. ಆದರೆ ಈ ಪತ್ರವನ್ನು ತಂದೆತಾಯಂದಿರೂ ಓದುತ್ತಾರೆ. ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ.

ಎಂಜಿನಿಯರಿಂಗ್ ಸೇರಿದ ಒಬ್ಬ ಹುಡುಗಿ ಅಂದುಕೊಳ್ಳಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಫೀಸು, ಒಟ್ಟು 6 ಲಕ್ಷ ಸಾಲ. ಪ್ರತಿ ವರ್ಷದ ಶುರುವಿನಲ್ಲಿ ಬ್ಯಾಂಕು ಆ ವರ್ಷದ ಹಣವನ್ನು ನೇರವಾಗಿ ಕಾಲೇಜಿಗೆ ಕಳಿಸುತ್ತದೆ. ಬಡ್ಡಿ ದರ ಶೇಕಡ 10. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಅಂದರೆ ಇವಳಿಗೆ ಐದು ವರ್ಷ ಮೊರಟೋರಿಯಂ. ಈ ಅವಧಿಗೆ ಸರಳ ಬಡ್ಡಿ ಹಾಕಬೇಕು ಅಂತಲೂ ಆ ಯೋಜನೆಯಲ್ಲಿದೆ. ಇದು ಒಳ್ಳೆಯ ನಿಯಮ, ಅದನ್ನು ಮಾಡಿದವರಿಗೆ ಕೃತಜ್ಞತೆ ಸಲ್ಲಬೇಕು.

ಮೊದಲ ವರ್ಷ ಕೊಟ್ಟ ಒಂದೂವರೆ ಲಕ್ಷಕ್ಕೆ ಐದು ವರ್ಷ ಬಡ್ಡಿ ಓಡುತ್ತದೆ. ಎರಡನೆಯದಕ್ಕೆ ನಾಲ್ಕು ವರ್ಷ, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಎಲ್ಲ ಸೇರಿಸಿದರೆ ಹದಿನಾಲ್ಕು ವರ್ಷದ ಬಡ್ಡಿ, ವರ್ಷಕ್ಕೆ 15,000 ರೂಪಾಯಿಯಂತೆ. ಒಟ್ಟು 2,10,000 ರೂಪಾಯಿ. ಇಷ್ಟರವರೆಗೆ ಬಡ್ಡಿಗೆ ಬಡ್ಡಿ ಬಿದ್ದಿಲ್ಲ.

ಐದು ವರ್ಷ ಮುಗಿದ ಮರುದಿನ ಈ 2,10,000 ಅಸಲಿಗೆ ಸೇರುತ್ತದೆ. 6 ಲಕ್ಷದ ಸಾಲ 8,10,000 ಆಗುತ್ತದೆ. ಇನ್ನು ಮುಂದೆ ಬಡ್ಡಿ ಓಡುವುದು ಈ 8,10,000ದ ಮೇಲೆ. ಹತ್ತು ವರ್ಷದ ಅವಧಿಗೆ ಕಂತು ಹಾಕಿದರೆ ತಿಂಗಳಿಗೆ 10,704 ರೂಪಾಯಿ. ಬರೀ 6 ಲಕ್ಷಕ್ಕಾಗಿದ್ದರೆ 7,929 ಆಗುತ್ತಿತ್ತು. ವ್ಯತ್ಯಾಸ ತಿಂಗಳಿಗೆ 2,775. ಹತ್ತು ವರ್ಷಕ್ಕೆ ಇದು ಸುಮಾರು 3,33,000 ರೂಪಾಯಿ. ಅಂದರೆ 2,10,000 ರೂಪಾಯಿ ಬಡ್ಡಿಯನ್ನು ತೀರಿಸಲು ಆ ಹುಡುಗಿ 3,33,000 ಕಟ್ಟುತ್ತಾಳೆ. ಮೇಲಿನ 1,23,000 ರೂಪಾಯಿ ಬಡ್ಡಿಯ ಮೇಲಿನ ಬಡ್ಡಿ. ಅಸಲಿಗೆ ಸೇರಿಸುವುದರ ಬೆಲೆ ಇದು.

ಇದನ್ನೇ ಇನ್ನೊಂದು ಕಡೆಯಿಂದ ನೋಡಿದರೆ ನನಗೆ ಹೆಚ್ಚು ಸಂಕಟವಾಗುತ್ತದೆ. ಅವಳ ಮೊದಲ ಕಂತು 10,704ರಲ್ಲಿ 6,750 ಬಡ್ಡಿಗೇ ಹೋಗುತ್ತದೆ. ಅಸಲು ಕರಗುವುದು ನಾಲ್ಕು ಸಾವಿರಕ್ಕೂ ಕಡಿಮೆ. ಹೀಗೆ ಕಟ್ಟುತ್ತಾ ಹೋದರೆ ಬಾಕಿ ಮತ್ತೆ 6 ಲಕ್ಷಕ್ಕೆ ಇಳಿಯಲು ಸುಮಾರು 44 ಕಂತು ಬೇಕು. ಮೂರು ವರ್ಷ ಎಂಟು ತಿಂಗಳು ಒಂದೂ ತಪ್ಪದೆ, ಒಟ್ಟು 4,70,000ಕ್ಕೂ ಜಾಸ್ತಿ ಕಟ್ಟಿದ ಮೇಲೆ ಅವಳು ನಿಂತಿರುವುದು ಕಾಲೇಜಿಗೆ ಕೊಟ್ಟ ಹಣದಷ್ಟೇ ಬಾಕಿಯ ಮುಂದೆ. ಕೆಲಸ ಸಿಕ್ಕಿ ನಾಲ್ಕು ವರ್ಷವಾದರೂ ಸಾಲ ಯಾಕೆ ಹಾಗೇ ಇದೆ ಅಂತ ಮನೆಯಲ್ಲಿ ಕೇಳುವುದು ಇದಕ್ಕೇ.

ಕಂತು ಭಾರವಾಯಿತು ಅಂದರೆ ಶಾಖೆಯಲ್ಲಿ ಹೇಳುವ ಪರಿಹಾರ, ಅವಧಿಯನ್ನು ಹದಿನೈದು ವರ್ಷಕ್ಕೆ ಏರಿಸುವುದು. ಆಗ ಕಂತು 8,704ಕ್ಕೆ ಇಳಿಯುತ್ತದೆ, ತಿಂಗಳಿಗೆ ಎರಡು ಸಾವಿರ ಉಳಿಯುತ್ತದೆ. ಆದರೆ ಅದೇ 2,10,000 ರೂಪಾಯಿ ಬಡ್ಡಿ ತೀರುವಷ್ಟರಲ್ಲಿ 4,06,000 ಆಗಿರುತ್ತದೆ. ಹೆಚ್ಚುಕಡಿಮೆ ಎರಡರಷ್ಟು. ಸಂಬಳ ಕಡಿಮೆ ಇರುವವರೇ ಅವಧಿ ಏರಿಸಿಕೊಳ್ಳುವುದು. ಹಾಗಾಗಿ ಬಡ್ಡಿಯ ಬಡ್ಡಿ ಅವರ ಮೇಲೇ ಜಾಸ್ತಿ ಬೀಳುತ್ತದೆ.

ಇನ್ನೊಂದು ವಿಷಯ. ಮೇಲಿನ ಲೆಕ್ಕ ಮೊರಟೋರಿಯಂ ಪೂರ್ತಿ ಸರಳ ಬಡ್ಡಿ ಹಾಕಿದಾಗಿನದ್ದು. ಎಲ್ಲ ಸಾಲ ಕೊಡುವವರೂ ಹಾಗೆ ಮಾಡುವುದಿಲ್ಲ. ಬ್ಯಾಂಕೇತರ ಹಣಕಾಸು ಕಂಪನಿಗಳು ಸಂಘದ ಮಾದರಿ ಯೋಜನೆಗೆ ಸೇರಿದವರಲ್ಲ, ಅವರ ಒಪ್ಪಂದ ಪತ್ರದಲ್ಲಿ ಏನಿದೆಯೋ ಅದೇ ನಿಯಮ. ಬ್ಯಾಂಕಿನಲ್ಲೂ ಖಾತೆ ತೆರೆಯುವಾಗ ಕಂಪ್ಯೂಟರಿನಲ್ಲಿ ಬಡ್ಡಿಯ ವಿಧ ತಪ್ಪಾಗಿ ಕೂತರೆ ತಿಂಗಳು ತಿಂಗಳು ಚಕ್ರಬಡ್ಡಿ ಓಡುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಇದೇ ಹುಡುಗಿಯ ಸಾಲಕ್ಕೆ ಪ್ರತಿ ತಿಂಗಳು ಚಕ್ರಬಡ್ಡಿ ಹಾಕಿದರೆ ಐದು ವರ್ಷದ ಕೊನೆಗೆ ಬಾಕಿ 8,55,485 ಆಗುತ್ತದೆ. ಸರಳ ಬಡ್ಡಿಗಿಂತ 45,000 ಜಾಸ್ತಿ. ಅದರ ಮೇಲೆ ಹತ್ತು ವರ್ಷದ ಕಂತು ಹಾಕಿದಾಗ ಈ ಒಂದು ಕಾರಣಕ್ಕೇ ಸುಮಾರು 72,000 ಹೆಚ್ಚು ಕಟ್ಟಬೇಕಾಗುತ್ತದೆ.

ಇದನ್ನು ಪತ್ತೆ ಮಾಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಬಾಕಿ ಏರುತ್ತಿದೆ ಅನ್ನುವುದು ಸಾಕ್ಷಿಯಲ್ಲ. ಸರಳ ಬಡ್ಡಿಯಲ್ಲೂ ಪ್ರತಿ ತಿಂಗಳು ಬಡ್ಡಿಯನ್ನು ಖಾತೆಗೆ ಬರೆದರೆ ಬಾಕಿ ಏರಿಯೇ ಏರುತ್ತದೆ. ಒಂದು ತಿಂಗಳಿನ ಬಡ್ಡಿಯನ್ನು ಮುಂದಿನ ತಿಂಗಳಿನದಕ್ಕೆ ಹೋಲಿಸಿದರೂ ಗೊಂದಲವೇ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವುದರಿಂದ ಒಂದೂವರೆ ಲಕ್ಷಕ್ಕೆ 31 ದಿನದ ತಿಂಗಳಲ್ಲಿ 1,274 ಬಂದರೆ 30 ದಿನದ ತಿಂಗಳಲ್ಲಿ 1,233, ಫೆಬ್ರವರಿಯಲ್ಲಿ 1,151 ಬರುತ್ತದೆ. ನೋಡಬೇಕಾದ್ದು ಪೂರ್ತಿ ಒಂದು ವರ್ಷದ ಬಡ್ಡಿಯ ಮೊತ್ತ. ಮೊದಲ ವರ್ಷದ ಫೀಸಿನ ಹಣ ಕಾಲೇಜಿಗೆ ಹೋದ ದಿನದಿಂದ ಹನ್ನೆರಡು ತಿಂಗಳ ಬಡ್ಡಿ ಸಾಲುಗಳನ್ನೆಲ್ಲ ಕೂಡಿಸಿ. ದರ ಶೇಕಡ 10ರಲ್ಲೇ ಇದ್ದು ನಡುವೆ ಬೇರೆ ಹಣ ಹೋಗಿಲ್ಲದಿದ್ದರೆ 15,000 ಬರಬೇಕು. 15,700ರ ಹತ್ತಿರ ಬಂದರೆ ಅದು ಚಕ್ರಬಡ್ಡಿ. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರದ ಜೊತೆ ಬಡ್ಡಿ ಏರಿಳಿಯುವ ಸಾಲವಾದರೆ ದರ ಬದಲಾದ ದಿನದಲ್ಲಿ ಲೆಕ್ಕವನ್ನು ತುಂಡು ಮಾಡಿ ಹಾಕಬೇಕು, ಅಷ್ಟೇ ವ್ಯತ್ಯಾಸ. ಎರಡನೇ ವರ್ಷ 3 ಲಕ್ಷದ ಮೇಲೆ 30,000. ಎರಡನೇ ವರ್ಷವೂ ಮೊತ್ತ ಮೇಲೆ ಹೋಗಿದ್ದರೆ ಸಂಶಯವೇ ಬೇಡ. ಶಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ಸಬ್ಸಿಡಿ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಡೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ ಮೊರಟೋರಿಯಂ ಬಡ್ಡಿಯನ್ನು ಕೇಂದ್ರ ಸರ್ಕಾರ ಕೊಡುವ ಯೋಜನೆ 2009ರಿಂದ ಇದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಎಂಟು ಲಕ್ಷದವರೆಗೆ ವರಮಾನ ಇರುವವರಿಗೆ ಶೇಕಡ 3ರಷ್ಟು ಬಡ್ಡಿ ನೆರವು ಸಿಗುತ್ತದೆ. ಆದರೆ ಅದು ಆಯ್ದ ಕಾಲೇಜುಗಳ ಪಟ್ಟಿಗೆ ಮಾತ್ರ. ಆರು ಲಕ್ಷ ವರಮಾನದ ಮನೆಯ ಮಗು ಪಟ್ಟಿಯಲ್ಲಿಲ್ಲದ ಖಾಸಗಿ ಕಾಲೇಜು ಸೇರಿದರೆ ಎರಡೂ ಸಿಗುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಇಂಥವರೇ ಜಾಸ್ತಿ. ಚಿಕ್ಕ ಅಂಗಡಿ ಇಟ್ಟವರು, ಖಾಸಗಿ ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸು.

ಈಗ ನನ್ನ ವಾದಕ್ಕೆ ಬರುತ್ತೇನೆ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ನಿಮ್ಮ ಸಂಸ್ಥೆಯೇ ಸಾಲಗಾರರಿಗೆ ಮೊರಟೋರಿಯಂ ಕೊಟ್ಟಿತು. ಆ ಆರು ತಿಂಗಳ ಬಡ್ಡಿಗೆ ಬಡ್ಡಿ ಹಾಕಬಹುದೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲು ಸರ್ಕಾರ 2 ಕೋಟಿವರೆಗಿನ ಸಾಲಗಳಿಗೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ವ್ಯತ್ಯಾಸವನ್ನು ತಾನೇ ಕೊಟ್ಟಿತು, ಅದರಲ್ಲಿ ಶಿಕ್ಷಣ ಸಾಲವೂ ಇತ್ತು. ಆಮೇಲೆ 2021ರ ಮಾರ್ಚ್ 23ರಂದು ಬಂದ ತೀರ್ಪು ಇದನ್ನು ಎಲ್ಲ ಸಾಲಗಾರರಿಗೂ ಅನ್ವಯಿಸಿತು. ಅದರ ತರ್ಕ ಸರಳವಾಗಿತ್ತು. ಕಂತು ಕಟ್ಟುವುದನ್ನು ಮುಂದಕ್ಕೆ ಹಾಕಲು ಅನುಮತಿ ಕೊಟ್ಟ ಮೇಲೆ, ಕಟ್ಟದೇ ಇದ್ದದ್ದು ಉದ್ದೇಶಪೂರ್ವಕ ತಪ್ಪಾಗುವುದಿಲ್ಲ. ಆದ್ದರಿಂದ ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕಲು ಕಾರಣವಿಲ್ಲ. ತೀರ್ಪು ಆ ಆರು ತಿಂಗಳಿಗೆ ಸೀಮಿತ, ಶಿಕ್ಷಣ ಸಾಲದ ಮಾಮೂಲಿ ಮೊರಟೋರಿಯಂಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಅದು ನನಗೆ ಗೊತ್ತು. ಆದರೆ ತರ್ಕ ಇಲ್ಲಿಗೂ ಹೊಂದುತ್ತದೆ, ಅಲ್ವಾ? ಓದುವಾಗ ಕಟ್ಟಬೇಡ ಅಂತ ಬ್ಯಾಂಕೇ ಬರೆದುಕೊಟ್ಟಿದೆ. ಆ ಮಾತಿನಂತೆ ನಡೆದವಳಿಗೆ ಕೊನೆಯಲ್ಲಿ ಬಡ್ಡಿಯ ಬಡ್ಡಿ ಬೀಳುತ್ತದೆ.

2023ರ ಆಗಸ್ಟ್ 18ರ ನಿಮ್ಮ ಸುತ್ತೋಲೆಯನ್ನೂ ನೋಡಿ. ಕಂತು ತಪ್ಪಿಸಿದವರಿಗೆ ಹಾಕುವ ದಂಡ ಶುಲ್ಕವನ್ನು ಅಸಲಿಗೆ ಸೇರಿಸಬಾರದು, ಅದರ ಮೇಲೆ ಬಡ್ಡಿ ಹಾಕಬಾರದು ಅಂತ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಅದರಲ್ಲಿ ಹೇಳಿದ್ದೀರಿ. ಬಹಳ ಒಳ್ಳೆಯ ಆದೇಶ. ತಪ್ಪಿಸಿದವರ ದಂಡಕ್ಕೆ ಬಡ್ಡಿ ಇಲ್ಲ ಅಂದ ಮೇಲೆ, ಏನೂ ತಪ್ಪಿಸದ ವಿದ್ಯಾರ್ಥಿಯ ಮೊರಟೋರಿಯಂ ಬಡ್ಡಿಗೆ ಯಾಕೆ ಬಡ್ಡಿ?

ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ ಅಂತ ಶಾಖೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಬರುತ್ತದೆ. ನಾನು ನೌಕರಿಯಲ್ಲಿದ್ದಾಗ ಮನೆ ಕಟ್ಟಿಸಲು ಬ್ಯಾಂಕಿನಿಂದಲೇ ಸಾಲ ತೆಗೆದುಕೊಂಡೆ. ಅದಕ್ಕೆ ಸರಳ ಬಡ್ಡಿ. ಸಂಬಳದಿಂದ ಹಿಡಿದ ಹಣ ಮೊದಲು ಅಸಲಿಗೆ ಹೋಗುತ್ತಿತ್ತು. ಬಡ್ಡಿ ಪ್ರತ್ಯೇಕವಾಗಿ ಕೂಡುತ್ತಾ ಹೋಗಿ, ಅಸಲು ತೀರಿದ ಮೇಲೆ ಅದನ್ನು ಕಂತಿನಲ್ಲಿ ಹಿಡಿದರು. ಕೂಡಿದ ಬಡ್ಡಿಯ ಮೇಲೆ ಒಂದು ಪೈಸೆ ಬಡ್ಡಿ ಬೀಳಲಿಲ್ಲ. ಇದು ನನಗೊಬ್ಬನಿಗೆ ಮಾಡಿದ್ದಲ್ಲ. ಅಸಲು ವಸೂಲಾದ ಮೇಲೆ ಬಡ್ಡಿ ಕಟ್ಟುವ ಸಿಬ್ಬಂದಿ ಗೃಹಸಾಲಗಳ ಪ್ರಸ್ತಾಪ ರಿಸರ್ವ್ ಬ್ಯಾಂಕಿನ ಸಾಲ ವರ್ಗೀಕರಣದ ನಿಯಮಗಳಲ್ಲೇ ಇದೆ, ಅಂಥ ಬಡ್ಡಿಯನ್ನು ಸುಸ್ತಿ ಅಂತ ಪರಿಗಣಿಸಬೇಕಿಲ್ಲ ಅಂತಲೂ ಇದೆ. ಕೌಂಟರಿನ ಈಚೆಗೆ ಕೂತ ನನಗೆ ಆದದ್ದು, ಆಚೆಗೆ ನಿಂತ ಹುಡುಗಿಗೂ ಆಗಲಿ ಅಂತ ಕೇಳುತ್ತಿದ್ದೇನೆ.

ಅವಳ ಲೆಕ್ಕದಲ್ಲಿ ಇದು ಹೀಗೆ ಕಾಣುತ್ತದೆ. 6 ಲಕ್ಷ ಅಸಲಿಗೆ ಮಾಮೂಲಿ ಕಂತು 7,929. ಮೊರಟೋರಿಯಂ ಬಡ್ಡಿ 2,10,000ವನ್ನು ಬೇರೆ ಖಾತೆಯಲ್ಲಿಟ್ಟು, ಬಡ್ಡಿಯಿಲ್ಲದೆ 120 ತಿಂಗಳಿಗೆ ಹಂಚಿದರೆ 1,750. ಎರಡೂ ಸೇರಿ 9,679. ಈಗಿನ 10,704ಕ್ಕಿಂತ ತಿಂಗಳಿಗೆ 1,025 ಕಡಿಮೆ. ಬಡ್ಡಿ ಮನ್ನಾ ಮಾಡಿ ಅಂತ ನಾನು ಕೇಳುತ್ತಿಲ್ಲ. ಬ್ಯಾಂಕಿಗೆ ಬರಬೇಕಾದ ಸರಳ ಬಡ್ಡಿ ಪೂರ್ತಿ ಬರುತ್ತದೆ.

ಬ್ಯಾಂಕಿಗೆ ಇದರಿಂದ ಖರ್ಚಿಲ್ಲ ಅಂತಲೂ ಹೇಳುವುದಿಲ್ಲ. ಠೇವಣಿದಾರರಿಗೆ ಬ್ಯಾಂಕು ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕೊಡುತ್ತದೆ, ಇಲ್ಲಿ ಮಾತ್ರ ಬಡ್ಡಿಗಾಗಿ ವರ್ಷಗಟ್ಟಲೆ ಕಾಯಬೇಕು. ಆ ಖರ್ಚು ನಿಜ. ಅದನ್ನು ಬಡ್ಡಿ ದರದಲ್ಲೇ ಎದುರಿಗೆ ತೋರಿಸಲಿ. ಶೇಕಡ 10ರ ಬದಲು ಒಂದಿಷ್ಟು ಮೇಲೆ ಇಟ್ಟರೂ ಪರವಾಗಿಲ್ಲ, ಸಾಲ ತೆಗೆದುಕೊಳ್ಳುವಾಗ ಮನೆಯವರಿಗೆ ಅದು ಕಣ್ಣಿಗೆ ಕಾಣುತ್ತದೆ, ಬೇರೆ ಬ್ಯಾಂಕಿನ ಜೊತೆ ಹೋಲಿಸಬಹುದು. ಈಗ ಅದು ಐದು ವರ್ಷದ ನಂತರ ಒಂದು ದಿನ ಖಾತೆಯಲ್ಲಿ ಪ್ರತ್ಯಕ್ಷವಾಗುತ್ತದೆ.

ನಿಯಮ ಬದಲಿಸಲು ಸಮಯ ಬೇಕಾಗಬಹುದು. ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸವಿದೆ. ಮೊರಟೋರಿಯಂ ಮುಗಿಯುವ ಕೊನೆಯ ದಿನ ಈ ಸಾಲದಲ್ಲಿ ಬಹಳ ಮುಖ್ಯವಾದ ದಿನ. ಆ ದಿನದೊಳಗೆ ಬಡ್ಡಿಗೆ ಎಷ್ಟು ಕಟ್ಟುತ್ತಾರೋ ಅಷ್ಟು ಅಸಲಿಗೆ ಸೇರುವುದಿಲ್ಲ. ಒಂದು ಲಕ್ಷ ಹೊಂದಿಸಿ ಕಟ್ಟಿದರೆ ಹತ್ತು ವರ್ಷದಲ್ಲಿ 1,58,000 ಕಟ್ಟುವುದು ತಪ್ಪುತ್ತದೆ. ಕೈಯಿಂದ ಹೋಗಿದ್ದು ಒಂದು ಲಕ್ಷ, ಉಳಿದದ್ದು 58,000. ಕಂತು ಶುರುವಾದ ಮೇಲೆ ಅದೇ ಒಂದು ಲಕ್ಷ ತಂದರೆ, ತಡವಾದಷ್ಟೂ ಉಳಿತಾಯ ಕರಗುತ್ತದೆ.

ಇದರಲ್ಲಿ ತಂದೆತಾಯಂದಿರಿಗೆ ಗೊತ್ತಿರಬೇಕಾದ ಒಂದು ಸೂಕ್ಷ್ಮವಿದೆ. ಖಾತೆಯಲ್ಲಿ ನಿಜವಾಗಿಯೂ ಸರಳ ಬಡ್ಡಿ ಓಡುತ್ತಿದ್ದರೆ, ಬಡ್ಡಿಯನ್ನು ಪ್ರತಿ ತಿಂಗಳು ಕಟ್ಟಿದರೂ ಒಂದೇ, ಕೊನೆಯ ತಿಂಗಳು ಒಟ್ಟಿಗೆ ಕಟ್ಟಿದರೂ ಒಂದೇ. ಆ ಹಣವನ್ನು ಆರ್‌ಡಿಯಲ್ಲಿಟ್ಟು ಕೊನೆಗೆ ತಂದು ಕಟ್ಟಿದರೆ ಆರ್‌ಡಿಯ ಬಡ್ಡಿ ನಿಮಗೇ ಉಳಿಯುತ್ತದೆ. ಆದರೆ ಓದುವ ಅವಧಿಯಲ್ಲಿ ಬಡ್ಡಿ ಕಟ್ಟುತ್ತಾ ಬಂದವರಿಗೆ ಶೇಕಡ 1ರಷ್ಟು ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಬ್ಯಾಂಕು ಅದನ್ನು ಕೊಡುತ್ತಿದ್ದರೆ ಪ್ರತಿ ತಿಂಗಳು ಕಟ್ಟುವುದೂ ಒಳ್ಳೆಯದೇ. ನಮ್ಮ ಉದಾಹರಣೆಯಲ್ಲಿ ದರ ಶೇಕಡ 9 ಆಗಿ, ಕಟ್ಟಬೇಕಾದ ಬಡ್ಡಿ ಮೊದಲ ವರ್ಷ ತಿಂಗಳಿಗೆ 1,125ರಿಂದ ಶುರುವಾಗಿ ಕೊನೆಗೆ 4,500ಕ್ಕೆ ಹೋಗುತ್ತದೆ, ಒಟ್ಟು ಬಡ್ಡಿಯಲ್ಲಿ 21,000 ಉಳಿಯುತ್ತದೆ. ಚಕ್ರಬಡ್ಡಿ ಓಡುವ ಖಾತೆಯಾದರೆ ಕಾಯುವುದು ಬೇಡವೇ ಬೇಡ, ಆದಷ್ಟು ಬೇಗ ಕಟ್ಟಿ. ಯಾವುದು ನಿಮ್ಮದು ಅಂತ ತಿಳಿಯಲು ಮೇಲೆ ಹೇಳಿದ ವರ್ಷದ ಕೂಡುಲೆಕ್ಕ ಸಾಕು.

ಆದರೆ ಆ ಕೊನೆಯ ದಿನ ಯಾವುದು, ಅಷ್ಟು ಹೊತ್ತಿಗೆ ಬಡ್ಡಿ ಎಷ್ಟಾಗಿರುತ್ತದೆ ಅಂತ ಎಷ್ಟು ಮನೆಗಳಿಗೆ ಗೊತ್ತಿರುತ್ತದೆ? ನಾನು ನೋಡಿದವರಲ್ಲಿ ಬಹುತೇಕರಿಗೆ ಗೊತ್ತಾಗಿದ್ದು ಮೊದಲ ಕಂತಿನ ಮೆಸೇಜ್ ಬಂದ ಮೇಲೆ. ಹುಡುಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುತ್ತಾನೆ, ಬ್ಯಾಂಕಿನಲ್ಲಿರುವ ಫೋನ್ ನಂಬರು ಅಪ್ಪನದ್ದು, ಮೆಸೇಜ್ ಇಂಗ್ಲಿಷಿನಲ್ಲಿರುತ್ತದೆ. ಅಷ್ಟರಲ್ಲಿ ಬಡ್ಡಿ ಅಸಲಾಗಿ ಹೋಗಿರುತ್ತದೆ. ಇನ್ನು ಕೆಲವರಿಗೆ ಕೋರ್ಸ್ ಒಂದು ವರ್ಷ ಮುಂದೆ ಹೋಗಿದ್ದರೂ ಕಂಪ್ಯೂಟರಿನಲ್ಲಿ ಹಳೆಯ ದಿನಾಂಕವೇ ಇದ್ದು, ಓದುತ್ತಿರುವಾಗಲೇ ಕಂತು ಶುರುವಾದದ್ದನ್ನೂ ಕಂಡಿದ್ದೇನೆ.

2024ರ ಅಕ್ಟೋಬರ್ 1ರಿಂದ ಪ್ರತಿ ಚಿಲ್ಲರೆ ಸಾಲಕ್ಕೂ ಮುಖ್ಯ ಮಾಹಿತಿ ಪತ್ರ ಕೊಡಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ನೀವು ನಿಯಮ ಮಾಡಿದ್ದೀರಿ. ಶಿಕ್ಷಣ ಸಾಲದ ಪತ್ರಕ್ಕೆ ಇನ್ನೆರಡು ಸಾಲು ಸೇರಿಸಿ. ಮೊರಟೋರಿಯಂ ಮುಗಿಯುವ ದಿನಾಂಕ ಒಂದು. ಅಂದಿಗೆ ಅಸಲಿಗೆ ಸೇರುವ ಅಂದಾಜು ಬಡ್ಡಿ, ಅದರಿಂದ ಕಂತಿನಲ್ಲಿ ಆಗುವ ಹೆಚ್ಚಳ ಇನ್ನೊಂದು. ಹಾಗೆಯೇ ಆ ದಿನಕ್ಕೆ ಮೂರು ತಿಂಗಳು ಮುಂಚೆ ಅದೇ ಅಂಕಿಗಳನ್ನು ಅಂದಿನ ಲೆಕ್ಕದಂತೆ ತಿದ್ದಿ, ನಮ್ಮಲ್ಲಿ ಕನ್ನಡದಲ್ಲಿ, ವಿದ್ಯಾರ್ಥಿಗೂ ಸಹ ಸಾಲಗಾರರಾದ ತಂದೆತಾಯಿಗೂ ಬರವಣಿಗೆಯಲ್ಲಿ ಕಳಿಸಬೇಕು ಅಂತ ಆದೇಶಿಸಿ. ಈ ನೋಟಿಸ್ ಕಳಿಸದೆ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದರೆ, ಹಾಗೆ ಸೇರಿಸಿದ್ದು ಊರ್ಜಿತವಲ್ಲ ಅಂತಲೂ ಬರೆಯಿರಿ. ಇಲ್ಲದಿದ್ದರೆ ಇದು ಕಾಗದದಲ್ಲೇ ಉಳಿಯುತ್ತದೆ, ಶಾಖೆಗಳ ಕೆಲಸದ ಒತ್ತಡ ನನಗೆ ಗೊತ್ತು.

ಹಣಕಾಸು ಕಂಪನಿಗಳೂ ನಿಮ್ಮ ನಿಯಂತ್ರಣದಲ್ಲೇ ಇವೆ. ಮೊರಟೋರಿಯಂನಲ್ಲಿ ಸರಳ ಬಡ್ಡಿ ಅನ್ನುವ ನಿಯಮವನ್ನು ಬರೀ ಬ್ಯಾಂಕುಗಳ ಮಾದರಿ ಯೋಜನೆಗೆ ಬಿಡದೆ, ಶಿಕ್ಷಣ ಸಾಲ ಕೊಡುವ ಎಲ್ಲರಿಗೂ ನಿಮ್ಮ ನಿರ್ದೇಶನವಾಗಿ ಹೊರಡಿಸಿ.

ಬ್ಯಾಂಕುಗಳ ಸಂಘದ ಅಧ್ಯಕ್ಷರಲ್ಲಿ ಒಂದು ಮಾತು. ಅಸಲಿಗೆ ಸೇರಿಸದೆ ಬಡ್ಡಿಯನ್ನು ಪ್ರತ್ಯೇಕ ಖಾತೆಯಲ್ಲಿಡುವ ಪದ್ಧತಿಗೆ ರಿಸರ್ವ್ ಬ್ಯಾಂಕಿನ ಆದೇಶಕ್ಕಾಗಿ ಕಾಯಬೇಕಿಲ್ಲ. ಮಾದರಿ ಯೋಜನೆ ನಿಮ್ಮದೇ. ಮುಂದಿನ ಪರಿಷ್ಕರಣೆಯಲ್ಲಿ, ಕನಿಷ್ಠ ಏಳೂವರೆ ಲಕ್ಷದೊಳಗಿನ ಅಡಮಾನವಿಲ್ಲದ ಸಾಲಗಳಿಗಾದರೂ ಇದನ್ನು ಸೇರಿಸಿ. ಸಿಬ್ಬಂದಿ ಗೃಹಸಾಲಕ್ಕೆ ಇರುವ ವ್ಯವಸ್ಥೆ ನಿಮ್ಮ ಸದಸ್ಯ ಬ್ಯಾಂಕುಗಳಲ್ಲಿ ಈಗಲೇ ಇದೆ. ಅದನ್ನು ಈ ಸಾಲಗಳಿಗೂ ಅಳವಡಿಸಿ.

ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ
ದಾವಣಗೆರೆ